ಸಾಲು ಮುರಿದದ್ದು ಕಿವಿಗೂ ಕೇಳಿಸಿತು

"ಸಾಲು ಮುರಿಯೋದೆಲ್ಲ ಕಣ್ಣಿಗೆ ಮಾರಾಯಾ, ಓದಿದಾಗ ಅದು ಯಾರಿಗೆ ಗೊತ್ತಾಗುತ್ತೆ?" ಅಂತ ನಮ್ಮ ಕವಿಗೋಷ್ಠಿಯ ಗೆಳೆಯರು ಮೂರು ವರ್ಷ ಹೇಳುತ್ತಲೇ ಬಂದರು. ಹೋದ ಚಳಿಗಾಲದಲ್ಲಿ ಅದೇ ಗೆಳೆಯರನ್ನು ಕೂರಿಸಿ, ಕೈಗೆ ಹಾಳೆ ಕೊಟ್ಟು, ನನ್ನ ಒಂದು ಕವಿತೆ ಓದಿದೆ. ಕೇಳಿಸಿಕೊಂಡ ಹಾಗೆ ಸಾಲು ಮುರಿದು ಬರೆಯಿರಿ ಎಂದಿದ್ದೆ. ಇಪ್ಪತ್ತು ಸಾಲಿನ ಪದ್ಯದಲ್ಲಿ ಹದಿನಾಲ್ಕೋ ಹದಿನೈದೋ ಸಾಲು ನಾನು ಮುರಿದಲ್ಲೇ ಮುರಿದು ಬಂದವು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ಐದಾರು ದಾಟಿರಲಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಶುರುವಿನಲ್ಲಿ ಪ್ರತಿ ಸಾಲಿನ ಕೊನೆಗೂ ಒಂದೊಂದು ಸೆಕೆಂಡು ನಿಲ್ಲುತ್ತಿದ್ದೆ. ತಾಲ್ಲೂಕು ಗೋಷ್ಠಿಯೊಂದರಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರು ನನಗೆ ಪದ್ಯ ಮರೆತುಹೋಯಿತೆಂದು ಕಾಗದ ಚಾಚಿದರು. ಆಮೇಲೆ ಎಲ್ಲೂ ನಿಲ್ಲದೆ ಓದಿದೆ, ಗದ್ಯ ಓದಿದಂತಾಯಿತು. ಸ್ಟುಡಿಯೋದಲ್ಲಿ ಕೇಳಿಸಿಕೊಂಡರೆ ತಪ್ಪು ಸಿಕ್ಕೀತು ಎಂದುಕೊಂಡು ಗಂಟೆಗೆ ಆರುನೂರರಂತೆ ಕೊಟ್ಟು ಮೂರು ಸಲ ಹೋದೆ. ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು, ಒಂದು ರೆಕಾರ್ಡಿಂಗೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಮೊಬೈಲಿನ ರೆಕಾರ್ಡರು ಮತ್ತು ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ. ಅದು ತೋರಿಸುವ ದನಿಯ ಅಲೆಯ ಚಿತ್ರದಲ್ಲಿ ಎಲ್ಲಿ ಎಷ್ಟು ಮೌನ ಬಿದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನಾನು ಕಲಿತದ್ದನ್ನು ಒಂದೇ ತುಣುಕಿನಲ್ಲಿ ತೋರಿಸುತ್ತೇನೆ. ಮೊದಲು ಬರೆದದ್ದು ಹೀಗಿತ್ತು:

ಅಂಗಳದಲ್ಲಿ ನಿಂತ ಮಳೆಯ ನೀರಲ್ಲಿ
ಅಪ್ಪನ ಚಪ್ಪಲಿ ತೇಲಿತು.
ಯಾರೂ ಎತ್ತಲಿಲ್ಲ.

ಈಗಿರುವುದು ಹೀಗೆ:

ಅಂಗಳದಲ್ಲಿ ನಿಂತ
ಮಳೆಯ ನೀರಲ್ಲಿ ಅಪ್ಪನ
ಚಪ್ಪಲಿ ತೇಲಿತು. ಯಾರೂ
ಎತ್ತಲಿಲ್ಲ.

ಒಂದು ಪದವೂ ಬದಲಾಗಿಲ್ಲ. ಓದುವ ಒಟ್ಟು ಹೊತ್ತೂ ಹೆಚ್ಚುಕಡಿಮೆ ಅಷ್ಟೇ, ಎಂಟು ಸೆಕೆಂಡಿನ ಆಸುಪಾಸು. ಬದಲಾದದ್ದು ಮೌನ ಬೀಳುವ ಜಾಗ. ಮೊದಲನೆಯದರಲ್ಲಿ ಸಾಲಿಗೊಂದರಂತೆ ಸುಮಾರು ಒಂದೇ ಅಳತೆಯ ನಿಲುಗಡೆಗಳಿದ್ದವು. ಎರಡನೆಯದರಲ್ಲಿ "ನಿಂತ", "ಅಪ್ಪನ", "ಯಾರೂ" ಇವುಗಳ ಹತ್ತಿರ ಕಾಲು ಸೆಕೆಂಡಿನಷ್ಟು ತಡೆ ಮಾತ್ರ. ದೊಡ್ಡ ಮೌನ ಒಂದೇ, ಅದೂ ಸಾಲಿನ ನಡುವೆ, "ತೇಲಿತು" ಆದ ಮೇಲೆ, ಮುಕ್ಕಾಲು ಸೆಕೆಂಡಿನಷ್ಟು. ಹಾಗಾಗಿ ಮೊದಲ ಎರಡೂವರೆ ಸಾಲು ಇಳಿಜಾರಿನಲ್ಲಿ ಹರಿದಂತೆ ಬಂದು ಚಪ್ಪಲಿಯ ಹತ್ತಿರ ನಿಲ್ಲುತ್ತದೆ. ಆಮೇಲೆ "ಯಾರೂ" ಅನ್ನುವುದು ಒಂಟಿಯಾಗಿ ತೂಗುತ್ತದೆ.

ಕನ್ನಡದಲ್ಲಿ ಇದು ಸಾಧ್ಯವಾಗುವುದು ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ. ಅದು ಬರುವವರೆಗೂ ಕೇಳುವವನು ಕಾಯುತ್ತಿರುತ್ತಾನೆ. ಷಷ್ಠಿಯಲ್ಲಿ ಸಾಲು ಮುರಿದರೆ, "ಅಪ್ಪನ" ಏನು ಎಂದು ಕಿವಿ ಮುಂದಕ್ಕೆ ಬಾಗುತ್ತದೆ. "ಬಂದು", "ನೋಡಿ" ಥರದವುಗಳಲ್ಲಿ ಮುರಿದರೆ ಎಳೆತ ಅರ್ಧ. ಎಲ್ಲಕ್ಕಿಂತ ಜೋರಾಗಿ ಎಳೆಯುವುದು "ನಿಂತ", "ಬಂದ", "ಬಿಟ್ಟ" ಥರದ ಕೃದಂತ. ಏಕೆಂದರೆ ಅದು ಎರಡು ಮುಖದ ಪದ. "ಅಂಗಳದಲ್ಲಿ ನಿಂತ" ಎಂದಾಗ ಯಾರೋ ನಿಂತರು ಎಂದೇ ಕೇಳುತ್ತದೆ. ಮುಂದಿನ ಸಾಲಿಗೆ ಬಂದ ಮೇಲೆ ನಿಂತದ್ದು ನೀರು ಎಂದು ತಿಳಿಯುತ್ತದೆ. ಆ ಒಂದು ಕ್ಷಣ ಕೇಳುಗನ ಮನಸ್ಸಿನಲ್ಲಿ ಯಾರೋ ಒಬ್ಬ ಅಂಗಳದಲ್ಲಿ ನಿಂತಿರುತ್ತಾನೆ. ನನಗೆ ಬೇಕಾದದ್ದು ಅದೇ.

ಆದರೆ ದನಿ ಇಳಿಸಿದರೆ ಇದು ಸತ್ತಿತು. ದನಿ ಇಳಿಯುವುದು ಉಸಿರಿನಿಂದ. ಸಾಲು ಮುಗಿಯಿತೆಂದು ಉಸಿರು ತೆಗೆದುಕೊಂಡರೆ ದನಿ ತಾನಾಗಿ ಇಳಿದು ವಾಕ್ಯ ಮುಗಿದಂತಾಗುತ್ತದೆ. ಇದು ಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು. ಈಗ ಹರಿಯುವ ಸಾಲಿನ ಕೊನೆಯಲ್ಲಿ ಉಸಿರೆಳೆಯುವುದೇ ಇಲ್ಲ, ಸಾಲಿನ ನಡುವಿನ ನಿಲುಗಡೆಯಾದ ಯತಿಯಲ್ಲಿ ಮಾತ್ರ ಎಳೆಯುತ್ತೇನೆ. ಮೇಲಿನ ತುಣುಕಿನಲ್ಲಿ ಉಸಿರು ಒಂದೇ ಕಡೆ, "ತೇಲಿತು" ಆದ ಮೇಲೆ. ಹಾಳೆಯಲ್ಲಿ ಅಲ್ಲಿ ಪೆನ್ಸಿಲಿನಿಂದ ಎರಡು ಗೀಟು ಹಾಕಿಕೊಳ್ಳುತ್ತೇನೆ, ಹರಿಯುವ ಕೊನೆಗಳಿಗೆ ಸಣ್ಣ ಬಾಣ.

ಹಾಗಾದರೆ ಉಸಿರೂ ಎಳೆಯದೆ, ದನಿಯೂ ಇಳಿಸದೆ ಕಾಲು ಸೆಕೆಂಡು ತಡೆಯುವುದು ಹೇಗೆ? ಕೊನೆಯ ಸ್ವರ ಎಳೆಯುವುದು ನಮ್ಮ ಗೋಷ್ಠಿಗಳ ಹಳೆಯ ಚಟ. "ನಿಂತಾ..." ಎಂದರೆ ರಾಗ ಬಂದುಬಿಡುತ್ತದೆ, ಅರ್ಥವೂ ಒಂದೇ ಕಡೆ ವಾಲುತ್ತದೆ. ನಾನು ಕೊನೆಯ ತಕಾರವನ್ನು ಮುಟ್ಟುವುದಿಲ್ಲ, ಅದರ ಹಿಂದಿನ ಅನುಸ್ವಾರವನ್ನು ತುಸು ಹಿಡಿಯುತ್ತೇನೆ. "ಅಪ್ಪನ" ಬಂದಾಗ ಒತ್ತಕ್ಷರದ ಮೇಲೆ ತುಟಿ ಒಂದಿಷ್ಟು ಹೆಚ್ಚು ಹೊತ್ತು ಮುಚ್ಚಿರುತ್ತದೆ. ಅನುಸ್ವಾರವೂ ಒತ್ತೂ ಇಲ್ಲದ ಪದಗಳಿಗೆ ಬೇರೆ ಒಂದು ಉಪಾಯವಿದೆ. ಅದನ್ನು ಎದುರು ಕೂತು ಓದಿ ತೋರಿಸಬಲ್ಲೆ, ಸದ್ಯಕ್ಕೆ ಬರೆಯುವುದಿಲ್ಲ.

ನಡುವೆ ಸರಳರಗಳೆ ಎಂಬ ಛಂದಸ್ಸಿನ ಕಡೆಗೂ ಹೋಗಿ ಬಂದೆ. ಐದೈದು ಮಾತ್ರೆಯ ನಾಲ್ಕು ಗಣ, ಇಪ್ಪತ್ತು ಮಾತ್ರೆಯ ಸಾಲು. ಅದರಲ್ಲಿ ವಾಕ್ಯವನ್ನು ಎಷ್ಟು ಸಾಲು ಬೇಕಾದರೂ ಹರಿಸಬಹುದು, ಲಯವೇ ಸಾಲಿನ ಗಡಿಯನ್ನು ಕಿವಿಗೆ ಹೇಳುತ್ತಿರುತ್ತದೆ. ಕಾವ್ಯವನ್ನು ರಾಗವಾಗಿ ಹಾಡುವ ಗಮಕಿಗಳೊಬ್ಬರ ಬಳಿಯೂ ಎರಡು ತಿಂಗಳು ಕೂತೆ. ಭಾಮಿನಿ ಷಟ್ಪದಿಯಲ್ಲಿ ಪದವೇ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವ ಕಡೆ ಅವರು ಅರ್ಥಕ್ಕೆ ತಕ್ಕಂತೆ ಬಿಡಿಸಿ ಹಾಡುತ್ತಿದ್ದರು, ಆ ಜೋಡಣೆಯನ್ನು ರಾಗ ಹೊತ್ತುಕೊಳ್ಳುತ್ತಿತ್ತು. ಮುಕ್ತಛಂದಕ್ಕೆ ಮಾತ್ರೆಯೂ ಇಲ್ಲ, ರಾಗವೂ ಇಲ್ಲ. ಅಲ್ಲಿ ಗಡಿಯನ್ನು ಹೇಳುವ ಕೆಲಸ ಈ ಕಾಲು ಸೆಕೆಂಡಿನದು. ಇದು ಅರ್ಥವಾದ ಮೇಲೆಯೇ ಗುನುಗುತ್ತಾ ಓದುವ ಪ್ರಯೋಗ ಬಿಟ್ಟೆ.

ಇನ್ನೊಂದು ಬಗೆಯ ಮುರಿತ ನನಗೆ ತುಂಬ ಇಷ್ಟ. "ನಾಳೆ ಬರುತ್ತೇನೆ" ಎಂದು ಸಾಲು ಮುಗಿಸಿ, ಮುಂದಿನ ಸಾಲನ್ನು "ಎಂದು ಹೋದವನ" ಎಂದು ಶುರುಮಾಡುವುದು. ಇಲ್ಲಿ ಮಾತ್ರ ದನಿ ಪೂರಾ ಇಳಿಸಬೇಕು, ಅರ್ಧ ಸೆಕೆಂಡು ನಿಲ್ಲಲೂಬೇಕು. ಕೇಳುವವನು ಮಾತನ್ನು ನಂಬಿದ ಮೇಲೆ "ಎಂದು" ಬರಬೇಕು.

ಪುಸ್ತಿಕೆ ಮಾಡಿಸಿದ್ದು ದುಬಾರಿ ಪಾಠ. ಮುನ್ನೂರು ಪ್ರತಿಗೆ ಹದಿನೆಂಟು ಸಾವಿರವೋ ಏನೋ ಕೊಟ್ಟೆ. ಡಿಟಿಪಿಯಲ್ಲಿ ಪುಟ ಉಳಿಸಲು ಗಿಡ್ಡ ಸಾಲುಗಳನ್ನೆಲ್ಲ ಕೂಡಿಸಿಬಿಟ್ಟಿದ್ದರು, ಕೊನೆಯ ಕರಡನ್ನು ನಾನು ನೋಡಿರಲಿಲ್ಲ. ಆ ಪುಸ್ತಿಕೆ ಹಿಡಿದು ಓದಿದ ದಿನ ನನ್ನ ದನಿ ಮತ್ತೆ ಗದ್ಯಕ್ಕೇ ಇಳಿಯಿತು. ಮೊಬೈಲಿನಲ್ಲೂ ಇದೇ ಅಪಾಯ. ಉದ್ದ ಸಾಲು ಪರದೆಯ ಅಂಚಿಗೆ ಬಂದು ತಾನೇ ಮಡಚಿಕೊಳ್ಳುತ್ತದೆ, ಕಣ್ಣು ಅದನ್ನೇ ಮುರಿತವೆಂದು ನಂಬುತ್ತದೆ. ಈಗ ವೇದಿಕೆಗೆ ಹದಿನಾರು ಪಾಯಿಂಟಿನ ಪ್ರಿಂಟ್ ಹಾಳೆಯನ್ನೇ ಒಯ್ಯುತ್ತೇನೆ.

ಇದಕ್ಕೂ ಮಿತಿಯಿದೆ. ಯತಿಯಿಲ್ಲದೆ ಮೂರು ಸಾಲಿಗಿಂತ ಹೆಚ್ಚು ಹರಿಸಿದರೆ ನನ್ನ ಉಸಿರು ಸಾಲದು, ಕೇಳುವವರೂ ಎಳೆ ಬಿಡುತ್ತಾರೆ. ಒಂದರ ಹಿಂದೊಂದು ನಾಲ್ಕು ಸಾಲು ಕೃದಂತದಲ್ಲೇ ಮುರಿದರೆ ಐದನೆಯದಕ್ಕೆ ಯಾರೂ ಕಾಯುವುದಿಲ್ಲ. ದೊಡ್ಡ ಕಲ್ಯಾಣಮಂಟಪಗಳಲ್ಲಿ ಮೈಕಿನ ಪ್ರತಿಧ್ವನಿ ಕಾಲು ಸೆಕೆಂಡನ್ನು ನುಂಗಿಬಿಡುತ್ತದೆ. ಅಂಥ ಕಡೆ ಓದುವ ಮುಂಚೆ ಬಾಣದ ಗುರುತುಗಳನ್ನು ರಬ್ಬರಿನಿಂದ ಅಳಿಸಿ, ಎರಡು ಗೀಟಿನ ಯತಿಗಳನ್ನಷ್ಟೇ ಉಳಿಸಿಕೊಂಡು, ಅವನ್ನು ಒಂದು ಪೂರಾ ಸೆಕೆಂಡಿಗೆ ಹಿಗ್ಗಿಸಿ ಓದುತ್ತೇನೆ.