‘ಯೆಸ್ಟರ್‌ಡೇ’ ಜೊತೆ ‘ಹ್ಯಾವ್’ ಬಂದರೆ: ತಪ್ಪು ಹಿಡಿಯುವುದು ಹೇಗೆ?

ಅಕ್ಕನ ಮಗಳು ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಭಾನುವಾರ ಮಾಕ್ ಟೆಸ್ಟ್ ಮುಗಿಸಿ, ಮುಖ ಸಣ್ಣ ಮಾಡಿಕೊಂಡು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಮೂರು ತುಂಡು ಮಾಡಿ ಕೊಟ್ಟ ಒಂದು ವಾಕ್ಯ. ಯಾವ ತುಂಡಿನಲ್ಲಿ ತಪ್ಪಿದೆ ಎಂದು ಹೇಳಬೇಕು.

ಎ) ದ ಕಮಿಟಿ / ಬಿ) ಹ್ಯಾಸ್ ಸಬ್ಮಿಟೆಡ್ ಇಟ್ಸ್ ರಿಪೋರ್ಟ್ / ಸಿ) ಟು ದ ಗವರ್ನಮೆಂಟ್ ಲಾಸ್ಟ್ ಮಂತ್ / ಡಿ) ನೋ ಎರರ್

ಅವಳು ಒತ್ತಿದ್ದು ಡಿ. “ಕಮಿಟಿ ಒಂದೇ, ಅದಕ್ಕೆ ಹ್ಯಾಸ್ ಸರಿ. ಇಟ್ಸ್ ಸರಿ. ಟು ಕೂಡ ಸರಿ. ಇನ್ನೇನು ಮಾಮ ತಪ್ಪು?” ಎಂದಳು.

ಅವಳು ಎಲ್ಲವನ್ನೂ ನೋಡಿದ್ದಳು, ಕೊನೆಯ ಎರಡು ಪದ ಬಿಟ್ಟು. ಪ್ರಶ್ನೆ ಬರೆಯುವವರ ಕೈಚಳಕ ಇರುವುದೇ ಇಲ್ಲಿ. ಹ್ಯಾಸ್ ಬೇಕೋ ಹ್ಯಾವ್ ಬೇಕೋ ಎಂಬ ಲೆಕ್ಕವನ್ನು ಸರಿಯಾಗಿಯೇ ಇಟ್ಟಿರುತ್ತಾರೆ. ಅದನ್ನು ನೋಡಿ ಕ್ರಿಯಾಪದ ಸರಿಯಿದೆ ಎಂದು ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ‘ಲಾಸ್ಟ್ ಮಂತ್’ ಮುಗಿದುಹೋದ ಕಾಲ. ಅದರ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ನಿಲ್ಲುವುದಿಲ್ಲ, ಸಿಂಪಲ್ ಪಾಸ್ಟ್ ಬೇಕು. ಬರೀ ‘ಸಬ್ಮಿಟೆಡ್’ ಸಾಕು. ಉತ್ತರ ಬಿ.

ಅವಳು ಸುಲಭಕ್ಕೆ ಒಪ್ಪಲಿಲ್ಲ. “ಹೋದ ತಿಂಗಳೇ ವರದಿ ಕೊಟ್ಟಿದೆ ಅಂತ ಹೇಳ್ತೀವಿ ಅಲ್ವಾ? ಕೊಟ್ಟಿದೆ ಅಂದ್ರೆ ಹ್ಯಾಸ್ ಸಬ್ಮಿಟೆಡ್ ತಾನೇ?”

ಸರಿಯಾದ ಪ್ರಶ್ನೆ. ನಾವು ಮುಗ್ಗರಿಸುವುದು ಇದೇ ಜಾಗದಲ್ಲಿ. ಕನ್ನಡದಲ್ಲಿ ‘ನಿನ್ನೆಯೇ ದುಡ್ಡು ಕಳಿಸಿದ್ದೇನೆ’ ಎನ್ನುವುದು ಅಚ್ಚುಕಟ್ಟಾದ ಮಾತು. ‘ಕಳಿಸಿದ್ದೇನೆ’ ಎಂದರೆ ಕಳಿಸಿ ಇದ್ದೇನೆ. ಅದರೊಳಗೆ ಒಂದು ‘ಇದ್ದೇನೆ’ ಕೂತಿದೆ. ಆದರೂ ‘ನಿನ್ನೆ’ ಎಂಬ ಪದ ‘ಕಳಿಸಿ’ಗೆ ಅಂಟಿಕೊಳ್ಳುತ್ತದೆ, ‘ಇದ್ದೇನೆ’ಯ ತಂಟೆಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಏನೂ ಚುಚ್ಚುವುದಿಲ್ಲ.

ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ಕಾಲ ಹೇಳುವ ಪದ ನೇರವಾಗಿ ‘ಹ್ಯಾವ್’ಗೆ ಹೋಗಿ ತಾಗುತ್ತದೆ. ‘ಹ್ಯಾವ್’ ವರ್ತಮಾನದ ಪದ. ‘ಯೆಸ್ಟರ್‌ಡೇ’ ಮುಗಿದ ದಿನ. ಎರಡಕ್ಕೂ ಆಗಿಬರುವುದಿಲ್ಲ. ಅದು ಇಂಗ್ಲಿಷ್ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕೇ? ‘ನಾನು ನಿನ್ನೆ ಊರಲ್ಲಿ ಇದ್ದೇನೆ’ ಎಂದು ಜೋರಾಗಿ ಹೇಳಿ ನೋಡಿ. ‘ಇದ್ದೆ’ ಅನ್ನಬೇಕಲ್ಲ ಎಂದು ಕಿವಿ ತಕ್ಷಣ ತಡೆಯುತ್ತದೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದರೆ ಅವರಿಗೂ ಹಾಗೆಯೇ ತಡೆಯುತ್ತದೆ.

ಈಗ ಪರೀಕ್ಷೆಯಲ್ಲಿ ಮಾಡುವ ಕ್ರಮಕ್ಕೆ ಬರೋಣ.

ಮೊದಲು ಕಾಲದ ಪದದ ಮೇಲೆ ಬೆರಳಿಡಿ

ವಾಕ್ಯದಲ್ಲಿ ಹ್ಯಾಸ್ ಅಥವಾ ಹ್ಯಾವ್ ಕಂಡ ಕೂಡಲೇ ಅಲ್ಲೇ ನಿಲ್ಲಬೇಡಿ. ವಾಕ್ಯದ ಕೊನೆಗೆ ಹೋಗಿ, ಆಮೇಲೆ ಶುರುವಿಗೆ ಬನ್ನಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 1973, ಇಂಥವು ಹೆಚ್ಚಾಗಿ ಈ ಎರಡು ತುದಿಗಳಲ್ಲೇ ಇರುತ್ತವೆ. ಕೆಲವೊಮ್ಮೆ ಕಾಲದ ಪದದ ಬದಲು ಒಂದು ಇಡೀ ತುಂಡು ವಾಕ್ಯವೇ ಆ ಕೆಲಸ ಮಾಡುತ್ತದೆ. ‘ವೆನ್ ಐ ವಾಸ್ ಅ ಚೈಲ್ಡ್’ ಎಂದರೆ ಅದೂ ಮುಗಿದ ಕಾಲವೇ. ಪ್ರಶ್ನೆ ಕೇಳುವ ‘ವೆನ್’ ಕೂಡ ಹಾಗೆಯೇ. ಮನೆಗೆ ಬಂದ ನೆಂಟರನ್ನು ‘ವೆನ್ ಹ್ಯಾವ್ ಯು ಕಮ್?’ ಎಂದು ಕೇಳುವುದು ನಮ್ಮಲ್ಲಿ ಮಾಮೂಲಿ. ‘ವೆನ್ ಡಿಡ್ ಯು ಕಮ್?’ ಎಂದಾಗಬೇಕು. ಯಾವಾಗ ಎಂದು ಕೇಳಿದರೆ ಬರುವ ಉತ್ತರ ಒಂದು ಮುಗಿದ ಗಳಿಗೆ ತಾನೇ.

ಆ ಕಾಲ ಮುಗಿದಿದೆಯೋ, ಇವತ್ತಿನವರೆಗೆ ಬಂದಿದೆಯೋ?

ಇಲ್ಲಿ ಸ್ವಲ್ಪ ನಿಧಾನ ಬೇಕು. ‘ಲಾಸ್ಟ್’ ಎಂಬ ಪದ ಕಂಡ ಕೂಡಲೇ ಸಿಂಪಲ್ ಪಾಸ್ಟ್ ಎಂದು ಗುರುತು ಹಾಕುವವರು ಬಹಳ. ಬರೀ ಪದ ನೋಡಿದರೆ ಮೋಸ ಹೋಗುತ್ತೀರಿ. ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ:

ಪ್ರೈಸಸ್ ರೋಸ್ ಲಾಸ್ಟ್ ಇಯರ್.
ಪ್ರೈಸಸ್ ಹ್ಯಾವ್ ರಿಸನ್ ಸಿನ್ಸ್ ಲಾಸ್ಟ್ ಇಯರ್.
ಪ್ರೈಸಸ್ ಹ್ಯಾವ್ ರಿಸನ್ ಇನ್ ದ ಲಾಸ್ಟ್ ಫೈವ್ ಇಯರ್ಸ್.

ಮೂರೂ ಸರಿ. ಮೊದಲನೆಯದರಲ್ಲಿ ‘ಲಾಸ್ಟ್ ಇಯರ್’ ಎಂದರೆ ಹೋದ ವರ್ಷ. ಡಿಸೆಂಬರ್ 31ಕ್ಕೆ ಅದರ ಬಾಗಿಲು ಮುಚ್ಚಿತು. ಎರಡನೆಯದರಲ್ಲಿ ‘ಸಿನ್ಸ್’ ಸೇರಿಕೊಂಡು ಹೋದ ವರ್ಷದಿಂದ ಈ ಹೊತ್ತಿನವರೆಗೆ ಒಂದು ಗೆರೆ ಎಳೆಯಿತು. ಗೆರೆಯ ಈ ತುದಿ ಇವತ್ತಿನಲ್ಲಿದೆ, ಅದಕ್ಕೇ ‘ಹ್ಯಾವ್’. ಮೂರನೆಯದು ಕಳೆದ 5 ವರ್ಷಗಳು, ಅಂದರೆ ಇವತ್ತಿನಿಂದ ಹಿಂದಕ್ಕೆ ಎಣಿಸಿದ 5 ವರ್ಷ. ಅದೂ ಇವತ್ತಿಗೆ ಬಂದು ತಾಗುತ್ತದೆ. ಹಾಗಾಗಿ ‘ಲಾಸ್ಟ್’ ಆದಮೇಲೆ ಒಂದು ಅಂಕಿ ಇದ್ದರೆ, ಅದಕ್ಕೆ ಮೊದಲು ‘ಇನ್ ದ’ ಅಥವಾ ‘ಫಾರ್ ದ’ ಇದ್ದರೆ, ಹ್ಯಾವ್ ಅನ್ನು ಮುಟ್ಟುವ ಮುನ್ನ ಎರಡು ಸಲ ಯೋಚಿಸಿ. ‘ನೋ ಎರರ್’ ಉತ್ತರವಾಗಿರುವ ಪ್ರಶ್ನೆಗಳಲ್ಲಿ ಈ ರೂಪವನ್ನು ಬೇಕೆಂದೇ ಇಡುವುದುಂಟು.

‘ದಿಸ್ ಮಾರ್ನಿಂಗ್’ ಒಂದು ಚೇಷ್ಟೆಯ ಪದ. ಬೆಳಿಗ್ಗೆ 10 ಗಂಟೆಗೆ ‘ಐ ಹ್ಯಾವ್ ಹ್ಯಾಡ್ ತ್ರೀ ಕಾಫೀಸ್ ದಿಸ್ ಮಾರ್ನಿಂಗ್’ ಎಂದರೆ ಸರಿ, ಬೆಳಗು ಇನ್ನೂ ನಡೆಯುತ್ತಿದೆ. ಸಂಜೆ 5 ಗಂಟೆಗೆ ಅದೇ ಮಾತನ್ನು ‘ಐ ಹ್ಯಾಡ್’ ಎಂದು ಹೇಳಬೇಕು. ಪ್ರಶ್ನೆಯಲ್ಲಿ ಹೊತ್ತು ಗೊತ್ತಾಗದಿದ್ದರೆ ಎರಡೂ ನಡೆಯುತ್ತದೆ. ಹಾಗಿದ್ದಾಗ ತಪ್ಪು ಬೇರೆ ತುಂಡಿನಲ್ಲಿದೆ ಎಂದು ಅನುಮಾನ ಪಡಿ. ‘ರೀಸೆಂಟ್ಲಿ’ಯೂ ಹೀಗೆಯೇ, ಎರಡು ಕಡೆಗೂ ವಾಲುತ್ತದೆ.

ಆ ಕಾಲ ಯಾವ ಕ್ರಿಯಾಪದದ್ದು?

ಉದ್ದ ವಾಕ್ಯಗಳಲ್ಲಿ ಕಾಲದ ಪದ ಒಂದು ಕಡೆಯದಾದರೆ ಹ್ಯಾಸ್ ಇನ್ನೊಂದು ಕಡೆಯದಾಗಿರಬಹುದು. ‘ದ ಬ್ರಿಡ್ಜ್ ವಿಚ್ ವಾಸ್ ಬಿಲ್ಟ್ ಇನ್ 1965 ಹ್ಯಾಸ್ ಡೆವಲಪ್ಡ್ ಕ್ರ್ಯಾಕ್ಸ್.’ ಇಸವಿ ಕಂಡಿತು, ಪಕ್ಕದಲ್ಲೇ ಹ್ಯಾಸ್ ಕಂಡಿತು, ತಪ್ಪು ಸಿಕ್ಕಿತು ಎಂದು ಹಿಗ್ಗಬೇಡಿ. 1965 ಇರುವುದು ಕಟ್ಟಿದ್ದಕ್ಕೆ. ಬಿರುಕು ಈಗ ಬಿಟ್ಟಿದೆ. ವಾಕ್ಯ ಸರಿಯಾಗಿಯೇ ಇದೆ. ಒಂದು ಉಪಾಯ ಹೇಳುತ್ತೇನೆ: ‘ವಿಚ್’, ‘ಹೂ’, ‘ದಟ್’ ಇಂದ ಶುರುವಾಗುವ ತುಂಡನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಕಾಲದ ಪದ ಬೆರಳಿನ ಕೆಳಗೆ ಹೋಯಿತೆಂದರೆ ಹೊರಗಿನ ಹ್ಯಾಸ್‌ಗೂ ಅದಕ್ಕೂ ಸಂಬಂಧವಿಲ್ಲ.

ತಪ್ಪೆಂದು ಖಾತ್ರಿಯಾದ ಮೇಲೆ ರೂಪ ಬದಲಿಸಿ

‘ಸಬ್ಮಿಟ್’ ಥರದ ಕ್ರಿಯಾಪದಕ್ಕೆ ಹ್ಯಾಸ್ ಕಿತ್ತರೆ ಮುಗಿಯಿತು. ‘ಗೋ’ ಥರದ್ದಕ್ಕೆ ಅಷ್ಟು ಸಾಲದು. ಮೂರನೇ ರೂಪವನ್ನೂ ಎರಡನೇ ರೂಪಕ್ಕೆ ತರಬೇಕು: ‘ಹ್ಯಾಸ್ ಗಾನ್’ ಹೋಗಿ ‘ವೆಂಟ್’, ‘ಹ್ಯಾಸ್ ಸೀನ್’ ಹೋಗಿ ‘ಸಾ’. ಆಯ್ಕೆಗಳಲ್ಲಿ ಬರೀ ‘ಸೀನ್’ ಎಂದು ಇಟ್ಟಿರುತ್ತಾರೆ, ಅವಸರದಲ್ಲಿ ಒತ್ತಿಬಿಡಬೇಡಿ.

ಕರ್ಮಣಿಯಲ್ಲಿದ್ದರೆ ‘ಹ್ಯಾಸ್ ಬೀನ್’ ಜಾಗಕ್ಕೆ ‘ವಾಸ್’ ಬರುತ್ತದೆ. ‘ಮೈಸೂರು ಸ್ಟೇಟ್ ಹ್ಯಾಸ್ ಬೀನ್ ರೀನೇಮ್ಡ್ ಕರ್ನಾಟಕ ಇನ್ 1973’ ಎಂಬುದು ತಪ್ಪು, ‘ವಾಸ್ ರೀನೇಮ್ಡ್’ ಸರಿ. ಆ ಹೆಸರು ಇವತ್ತಿಗೂ ಹಾಗೇ ಇದೆಯಲ್ಲ ಎಂದು ಕೆಲವರು ಹ್ಯಾಸ್ ಪರವಾಗಿ ವಾದಿಸುತ್ತಾರೆ. ಹೆಸರು ಈಗಲೂ ಇದೆ, ನಿಜ. ಆದರೆ ವಾಕ್ಯದಲ್ಲಿ ಇಸವಿ ಕೂತ ಮೇಲೆ ಆ ವಾದ ಬಿದ್ದುಹೋಗುತ್ತದೆ. ಇಲ್ಲ ಎನ್ನುವ ವಾಕ್ಯಗಳಲ್ಲಿ ‘ಹ್ಯಾಸ್ ನಾಟ್ ಕಮ್’ ಹೋಗಿ ‘ಡಿಡ್ ನಾಟ್ ಕಮ್’ ಆಗುತ್ತದೆ, ಅಷ್ಟೇ.

‘ಹ್ಯಾಡ್’ ಎಂಬ ಬಲೆ

ಈಗ ಅಕ್ಕನ ಮಗಳ ಎರಡನೇ ತಪ್ಪು. ಇದು ಅಡಿಗೆರೆ ಎಳೆದ ಭಾಗವನ್ನು ತಿದ್ದುವ ಪ್ರಶ್ನೆ.

ಶೀ __ಹ್ಯಾಸ್ ಲೆಫ್ಟ್__ ಫಾರ್ ದ ಸ್ಟೇಷನ್ ಟೆನ್ ಮಿನಿಟ್ಸ್ ಅಗೋ.
ಎ) ಹ್ಯಾಡ್ ಲೆಫ್ಟ್  ಬಿ) ಲೆಫ್ಟ್  ಸಿ) ಹ್ಯಾಸ್ ಬೀನ್ ಲೀವಿಂಗ್  ಡಿ) ನೋ ಇಂಪ್ರೂವ್‌ಮೆಂಟ್

ಈ ಸಲ ‘ಅಗೋ’ ಅವಳ ಕಣ್ಣಿಗೆ ಬಿತ್ತು. ಹ್ಯಾಸ್ ಬೇಡ ಎಂದು ಡಿ ಬಿಟ್ಟಳು, ಸಿ ಕೂಡ ಬಿಟ್ಟಳು. ಆಮೇಲೆ ಎ ಒತ್ತಿದಳು. ಹಳೆಯ ಸಂಗತಿ, ಹಾಗಾಗಿ ಹ್ಯಾಡ್ ಇನ್ನೂ ಗಟ್ಟಿ ಎಂದುಕೊಂಡಳಂತೆ. ಇದೂ ಕನ್ನಡ ಕಲಿಸಿದ ಅಭ್ಯಾಸವೇ. ‘ನಿನ್ನೆ ಅವನನ್ನ ನೋಡಿದ್ದೆ’ ಎಂದು ಸುಮ್ನೆ ಹೇಳುತ್ತೇವೆ, ಅದಕ್ಕೆ ಹಿಂದೆ ಮುಂದೆ ಇನ್ನೊಂದು ಸಂಗತಿ ಇರಲೇಬೇಕು ಎಂದಿಲ್ಲ. ಇಂಗ್ಲಿಷ್‌ನ ‘ಹ್ಯಾಡ್ ಲೆಫ್ಟ್’ಗೆ ಜೊತೆ ಬೇಕು. ಹಿಂದೆ ನಡೆದ ಇನ್ನೊಂದು ಘಟನೆ ಇರಬೇಕು, ಅದಕ್ಕಿಂತಲೂ ಮೊದಲು ಇದು ನಡೆದಿರಬೇಕು. ‘ಶೀ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್ ದ ಹೌಸ್’ ಎಂದರೆ ಸರಿ, ನಾನು ತಲುಪಿದ್ದು ಎರಡನೇ ಘಟನೆ. ಮೇಲಿನ ಪ್ರಶ್ನೆಯಲ್ಲಿ ಹೊರಟದ್ದು ಬಿಟ್ಟರೆ ಬೇರೇನೂ ನಡೆದಿಲ್ಲ. ಅದೂ ಅಲ್ಲದೆ ‘ಅಗೋ’ ಎಣಿಸುವುದು ಈ ಹೊತ್ತಿನಿಂದ ಹಿಂದಕ್ಕೆ. ಉತ್ತರ ಬಿ.

ಈ ಥರದ ಪ್ರಶ್ನೆಯಲ್ಲಿ ಇನ್ನೊಂದು ವಿಷಯ ಮರೆಯಬಾರದು. ಅಡಿಗೆರೆ ಇಲ್ಲದ ಭಾಗವನ್ನು ನಾವು ಮುಟ್ಟುವಂತಿಲ್ಲ. ‘ಅಗೋ’ ತೆಗೆದರೆ ಹ್ಯಾಸ್ ಸರಿಹೋಗುತ್ತಲ್ಲ ಎಂಬುದು ಜಾಣತನದ ಮಾತಾದರೂ ಅಂಕ ಕೊಡುವುದಿಲ್ಲ. ತುಂಡು ಗುರುತಿಸುವ ಪ್ರಶ್ನೆಯಲ್ಲೂ ಕಾಲದ ಪದ ಇರುವ ತುಂಡನ್ನಲ್ಲ, ಕ್ರಿಯಾಪದ ಇರುವ ತುಂಡನ್ನೇ ಒತ್ತಬೇಕು. ಮೊದಲ ಪ್ರಶ್ನೆಯ ಉತ್ತರ ಸಿ ಆಗದೆ ಬಿ ಆದದ್ದು ಇದಕ್ಕೇ.

ಪರೀಕ್ಷೆಯ ಆಚೆಗೆ ಮಾತ್ರ ಆ ಜಾಣತನ ಕೆಲಸಕ್ಕೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೇಲಧಿಕಾರಿಗೆ ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಎಂದು ಎಷ್ಟು ಸಲ ಮೇಲ್ ಹಾಕಿದ್ದೆನೋ ಲೆಕ್ಕವಿಲ್ಲ. ಯಾರೂ ತಿದ್ದಲಿಲ್ಲ, ಫೈಲ್ ತಲುಪಿತಲ್ಲ ಎಂದು ಬಿಟ್ಟರೇನೋ. ಈಗ ಬೆರಳು ಕೀಲಿಮಣೆ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಫೈಲ್ ಅವರ ಹತ್ತಿರ ಇದೆ ಎಂದು ತಿಳಿಸುವುದಷ್ಟೇ ಮುಖ್ಯವಾದರೆ ‘ಯೆಸ್ಟರ್‌ಡೇ’ ಅಳಿಸುತ್ತೇನೆ. ತಡ ಮಾಡಿಲ್ಲ, ನಿನ್ನೆಯೇ ಕಳಿಸಿದೆ ಎಂದು ತೋರಿಸಬೇಕಾದರೆ ‘ಹ್ಯಾವ್’ ಅಳಿಸುತ್ತೇನೆ.