ಮಗಳ ಜನನ ಪತ್ರಕ್ಕೆ ಅಪೊಸ್ಟಿಲ್: ಏಜೆಂಟರಿಲ್ಲದೆ ನಾನೇ ಓಡಾಡಿ ಮಾಡಿಸಿದ್ದು

ಒಂದು ಪತ್ರಕ್ಕೆ ಒಂಬತ್ತು ಸಾವಿರ ಅಂದರು ಏಜೆಂಟ್. ಮಗಳ ಜನನ ಪತ್ರ, ನಮ್ಮ ಮದುವೆ ಪತ್ರ, ಎರಡಕ್ಕೆ ಹದಿನೆಂಟು. ಹೆಂಡತಿಗೆ ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಸಿಕ್ಕಿತ್ತು. ನಾನೂ ಮಗಳೂ ಹಿಂದೆ ಹೋಗಬೇಕಾದರೆ ಈ ಎರಡು ಕಾಗದಕ್ಕೂ ಅಪೊಸ್ಟಿಲ್ ಬೇಕಿತ್ತು, ಅಂದರೆ ಹೊರದೇಶದವರು ಒಪ್ಪುವಂತೆ ನಮ್ಮ ವಿದೇಶಾಂಗ ಸಚಿವಾಲಯ ಹಾಕಿಕೊಡುವ ದೃಢೀಕರಣ. ನಾನೇ ಮಾಡಿಸುತ್ತೇನೆ ಅಂದಿದ್ದಕ್ಕೆ ಭಾವ ನಕ್ಕುಬಿಟ್ಟರು. "ಡಿಎಲ್ ರಿನ್ಯೂವಲ್ಲಿಗೇ ಬ್ರೋಕರ್ ಹಿಡ್ಕೊಂಡೋನು ನೀನು. ವಿದೇಶಾಂಗ ಇಲಾಖೆ ಕೆಲಸ ನೀನು ಮಾಡಿಸ್ತೀಯಾ? ದುಡ್ಡು ಕೊಟ್ಟು ಸುಮ್ನಿರು."

ಸುಮ್ಮನಿರಲಿಲ್ಲ. ಎರಡೂವರೆ ತಿಂಗಳು ಹಿಡಿಯಿತು, ಅದರಲ್ಲಿ ಒಂದೂವರೆ ತಿಂಗಳು ನನ್ನ ದಡ್ಡತನದ್ದೇ. ಖರ್ಚು ಎರಡಕ್ಕೂ ಸೇರಿ ಎರಡೂವರೆ ಸಾವಿರದ ಆಸುಪಾಸು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ರೈಲು, ಆಟೊ, ಊಟದ್ದು. ಮದುವೆ ಪತ್ರ ಉಪನೋಂದಣಾಧಿಕಾರಿಯ ಸಹಿ, ಮೊಹರು ಸರಿಯಾಗಿದ್ದದ್ದರಿಂದ ತಕರಾರಿಲ್ಲದೆ ಹೋಯಿತು. ಹೇಳಬೇಕಾದ್ದೆಲ್ಲ ಜನನ ಪತ್ರದ ಕಥೆ.

ಮಗಳು ಹುಟ್ಟಿದಾಗ ನಮ್ಮೂರ ಪುರಸಭೆಯಲ್ಲಿ ಕೊಟ್ಟ ಪತ್ರ ಬರೀ ಕನ್ನಡದಲ್ಲಿ, ಕೈಬರಹದಲ್ಲಿತ್ತು. ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮುಂಚೆಯೇ ಬರೆಸಿದ್ದೆವು, ಆಮೇಲೆ ಸೇರಿಸಲು ಯಾರಿಗೂ ನೆನಪಾಗಲಿಲ್ಲ. ಅದರ ಮೇಲೆ ನಮ್ಮಪ್ಪ ಮೊಮ್ಮಗಳ ಪತ್ರ ಹಾಳಾಗಬಾರದೆಂದು ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು. ಲ್ಯಾಮಿನೇಷನ್ ಆದ ಕಾಗದದ ಮೇಲೆ ಯಾರೂ ಸಹಿ ಹಾಕುವ ಹಾಗಿಲ್ಲ, ಮೊಹರು ಒತ್ತುವ ಹಾಗಿಲ್ಲ. ಅಲ್ಲಿಗೆ ಆ ಪತ್ರದ ಆಟ ಮುಗಿದಂತೆ.

ಮುಗಿಯಿತು ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿ ಕೊಟ್ಟು ಪ್ಲಾಸ್ಟಿಕ್ ಬಿಡಿಸಬಹುದು ಅಂತ ಯಾರೋ ಹೇಳಿದ್ದರು. ಪುಣ್ಯಕ್ಕೆ ಮೊದಲು ಮಗಳ ಎಲ್‌ಕೆಜಿ ಬಹುಮಾನ ಪತ್ರದ ಮೇಲೆ ಪರೀಕ್ಷೆ ಮಾಡಿದೆ. ಮೇಲೆ ಪಂಚೆ ಬಟ್ಟೆ ಹಾಸಿ, ಸಣ್ಣ ಉರಿಯಲ್ಲಿ ಉಜ್ಜಿ, ಮೂಲೆಯಿಂದ ಎತ್ತಿದೆ. ಪ್ಲಾಸ್ಟಿಕ್ ಬಂತು, ಜೊತೆಗೆ ಕಾಗದದ ಮೇಲಿನ ಪದರವೂ ಬಂತು. ಶಾಲೆಯ ನೇರಳೆ ಮೊಹರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಮಗಳು ಎರಡು ದಿನ ಮಾತಾಡಲಿಲ್ಲ.

ಕೊನೆಗೆ ಪುರಸಭೆಗೆ ಹೋಗಿ ಹೊಸ ಪ್ರತಿ ಕೇಳಿದೆ. ಮೊದಲೇ ಇದನ್ನು ಮಾಡಿದ್ದರೆ ಮೂರು ವಾರ ಉಳಿಯುತ್ತಿತ್ತು. ಜನನ ನೋಂದಣಿ ನಿಯಮದಲ್ಲಿ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಪುಕ್ಕಟೆಯಾಗಿ, ಹದಿನೈದು ವರ್ಷದೊಳಗೆ ಸಣ್ಣ ತಡ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸಿಕೊಟ್ಟರು. ಅದೇ ಹೊತ್ತಿಗೆ ನನ್ನ ಹೆಸರನ್ನೂ ನೋಡಿಕೊಂಡೆ. ರಿಜಿಸ್ಟರಿನಲ್ಲಿ ನನ್ನ ಇನಿಷಿಯಲ್ ಮುಂದೆ ಇತ್ತು, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಸರ್‌ನೇಮ್ ಆಗಿ ಹಿಂದೆ ಹೋಗಿದೆ. ನಮ್ಮ ಕಡೆಯವರಿಗೆಲ್ಲ ಇರುವ ರೋಗ. ಇದನ್ನು ತಿದ್ದಿಸುವುದಾದರೆ ಈ ಮೇಜಿನಲ್ಲೇ ತಿದ್ದಿಸಬೇಕು. ಮುಂದೆ ಹೋದ ಮೇಲೆ ಒಂದಕ್ಷರ ಬದಲಾಯಿಸಿದರೂ ಅದು ಬೇರೆಯೇ ಪತ್ರ, ಮೇಲೆ ಬಿದ್ದ ಸಹಿಗಳೆಲ್ಲ ವ್ಯರ್ಥ. ಕೆಲವರು ತಿದ್ದಿಸುವ ಬದಲು "ಇಬ್ಬರೂ ಒಬ್ಬನೇ" ಅಂತ ಅಫಿಡವಿಟ್ ಮಾಡಿಸುತ್ತಾರೆ. ಆ ಅಫಿಡವಿಟ್ಟೂ ಒಂದು ದಾಖಲೆಯೇ, ಅದಕ್ಕೂ ಬೇರೆಯಾಗಿ ಅಪೊಸ್ಟಿಲ್ ಆಗಬೇಕಾಗುತ್ತದೆ. ನಾನು ದಾಖಲೆ ತೋರಿಸಿ ತಿದ್ದಿಸಿದೆ. ಹತ್ತು ದಿನ ಹಿಡಿಯಿತು.

ಕನ್ನಡ, ಇಂಗ್ಲಿಷ್ ಎರಡೂ ಇರುವ ಹೊಸ ಪತ್ರ ಕೈಗೆ ಬಂತು. ಡಚ್ಚರು ಇಂಗ್ಲಿಷ್ ಪತ್ರವನ್ನು ಹಾಗೇ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅನುವಾದದ ಖರ್ಚೂ ತಪ್ಪಿತು. ಮೊದಲು ರಾಜ್ಯ ಗೃಹ ಇಲಾಖೆಯ ದೃಢೀಕರಣ ಆಗಬೇಕಿತ್ತು, ಬೀಗುತ್ತಲೇ ಬೆಂಗಳೂರು ರೈಲು ಹತ್ತಿದೆ.

ಹತ್ತುವ ಮುಂಚೆ ಒಂದು ದೊಡ್ಡ ತಪ್ಪು ಮಾಡಿದ್ದೆ. ಗಟ್ಟಿಯಾಗಿರಲಿ ಅಂತ ಪತ್ರದ ಜೆರಾಕ್ಸಿಗೆ ನೋಟರಿ ಸಹಿ ಹಾಕಿಸಿ, ಮೂಲ ಪತ್ರವನ್ನು ಮನೆಯಲ್ಲೇ ಭದ್ರವಾಗಿಟ್ಟು ಬಂದಿದ್ದೆ. ಗೃಹ ಇಲಾಖೆಯ ಕೌಂಟರಿನಲ್ಲಿದ್ದವರು ಕಾಗದ ತಿರುಗಿಸಿ ನೋಡಿ, "ಇದ್ರಲ್ಲಿ ಮಸಿಯಲ್ಲಿ ಇರೋ ಸಹಿ ನೋಟರಿದು ಒಂದೇ ಅಲ್ವಾ ಸಾರ್? ರಿಜಿಸ್ಟ್ರಾರ್ ಸಹಿ ಎಲ್ಲಿದೆ?" ಅಂದರು. ಇಡೀ ವ್ಯವಹಾರ ನನ್ನ ತಲೆಗೆ ಹೋದದ್ದು ಆಗ.

ಈ ಸಾಲಿನಲ್ಲಿ ಕೂತಿರುವ ಯಾರೂ ನಿಮ್ಮ ಮಗಳು ಯಾವತ್ತು ಹುಟ್ಟಿದಳು ಅಂತ ನೋಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಸಹಿಯನ್ನಷ್ಟೇ ಗುರುತಿಸುತ್ತಾರೆ. ಹುಟ್ಟಿದ ಸಂಗತಿಗೆ ಜವಾಬು ಪುರಸಭೆಯ ರಿಜಿಸ್ಟ್ರಾರ್ ಒಬ್ಬರದೇ. ಈ ಸಹಿ ನಮ್ಮ ರಾಜ್ಯದ ರಿಜಿಸ್ಟ್ರಾರದ್ದು ಹೌದು ಅಂತ ಗೃಹ ಇಲಾಖೆ ಹೇಳುತ್ತದೆ. ಗೃಹ ಇಲಾಖೆಯ ಆ ಅಧಿಕಾರಿಯ ಸಹಿ ಹೌದು ಅಂತ ವಿದೇಶಾಂಗ ಸಚಿವಾಲಯ ಹೇಳುತ್ತದೆ. ಮಾದರಿ ಸಹಿ ಕಡತದಲ್ಲಿದ್ದರೆ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ವಾಪಸ್. ಜೆರಾಕ್ಸಿನ ಮೇಲೆ ನೋಟರಿ ಹಾಕಿಸಿದರೆ ಸರಪಳಿ ನೋಟರಿಯಿಂದ ಶುರುವಾಗುತ್ತದೆ, ರಿಜಿಸ್ಟ್ರಾರ್ ಅದರಲ್ಲಿ ಇರುವುದೇ ಇಲ್ಲ.

ಎರಡನೇ ಸಲ ಮೂಲ ಪತ್ರವನ್ನೇ ಒಯ್ದೆ. ಅದಕ್ಕಿದ್ದದ್ದು ಡಿಜಿಟಲ್ ಸಹಿ. ಮಸಿಯ ಸಹಿ, ಮೊಹರು ಬೇಕು ಅಂದರು. ಮತ್ತೆ ಊರು, ಮತ್ತೆ ಪುರಸಭೆ. ರಿಜಿಸ್ಟ್ರಾರ್ ಒಳ್ಳೆಯವರು, ಹೆಸರು, ಹುದ್ದೆ ಓದಿಸಿಕೊಳ್ಳುವಂಥ ಮೊಹರು ಹುಡುಕಿ ತೆಗೆದು, ಪ್ಯಾಡಿಗೆ ಮಸಿ ಹಾಕಿ ಒತ್ತಿಕೊಟ್ಟರು. ಮೂರನೇ ಸಲಕ್ಕೆ ಗೃಹ ಇಲಾಖೆಯ ದೃಢೀಕರಣ ಬಿತ್ತು. ಅಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಹೋದರೆ ಸಾಲಿಲ್ಲದೆ ಕೆಲಸವಾಗುತ್ತದೆ ಅಂತ ನನಗೆ ಗೊತ್ತಾಗಿದೆ, ಇಲ್ಲಿ ಬರೆದರೆ ಎಲ್ಲರೂ ಆಗಲೇ ಬರುತ್ತೀರಿ.

ಮುಂದಿನದು ಸಚಿವಾಲಯ. ಜನರ ಕೈಯಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದನ್ನು ಅವರು 2012ರಲ್ಲೇ ನಿಲ್ಲಿಸಿದ್ದಾರೆ. ಅಧಿಕೃತ ಹೊರಗುತ್ತಿಗೆ ಸಂಸ್ಥೆಗಳ ಕೌಂಟರಿನಲ್ಲಿ ಕೊಡಬೇಕು. ಇದಕ್ಕೂ ಏಜೆಂಟರಿಗೂ ವ್ಯತ್ಯಾಸವಿದೆ, ಏಜೆಂಟರೂ ಕೊನೆಗೆ ಕೊಡುವುದು ಇದೇ ಕೌಂಟರಿಗೆ. ಎಲ್ಲರೂ ದೆಹಲಿ ದೆಹಲಿ ಅಂತ ಹೆದರಿಸುತ್ತಾರೆ. ಕೆಲವು ವರ್ಷಗಳಿಂದ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯಲ್ಲೇ ಅಪೊಸ್ಟಿಲ್ ಆಗುತ್ತದೆ. ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಕೌಂಟರಿನವರ ಸೇವಾ ಶುಲ್ಕ, ಸ್ಕ್ಯಾನಿಂಗ್ ಸೇರಿ ನನಗೆ ನೆನಪಿರುವಂತೆ ಇನ್ನೂರು ರೂಪಾಯಿ ದಾಟಲಿಲ್ಲ. ಒಂಬತ್ತು ಸಾವಿರದ ಪಕ್ಕ ಇದನ್ನಿಟ್ಟು ನೋಡಿ.

ನಾಲ್ಕು ದಿನಕ್ಕೆ ಪತ್ರ ವಾಪಸ್ ಬಂತು, ಅಪೊಸ್ಟಿಲ್ ಇಲ್ಲದೆ. ಗೃಹ ಇಲಾಖೆಯಲ್ಲಿ ಸಹಿ ಹಾಕಿದ ಅಧಿಕಾರಿ ಆ ಜಾಗಕ್ಕೆ ಹೊಸಬರು, ಅವರ ಮಾದರಿ ಸಹಿ ಇನ್ನೂ ಸಚಿವಾಲಯದ ಕಡತಕ್ಕೆ ಬಂದಿರಲಿಲ್ಲ. ಪತ್ರದಲ್ಲಿ ತಪ್ಪಿಲ್ಲ, ನನ್ನಲ್ಲಿ ತಪ್ಪಿಲ್ಲ, ಆದರೂ ಫಜೀತಿ ನನ್ನದೇ. ಭಾವನಿಗೆ ಹೇಳಲಿಲ್ಲ. ಮತ್ತೆ ಗೃಹ ಇಲಾಖೆಗೆ ಹೋಗಿ, ಹಳೆಯ ಅಧಿಕಾರಿಯೊಬ್ಬರಿಂದ ದೃಢೀಕರಿಸಿಕೊಂಡು ಬಂದೆ. ಯಾರ ಸಹಿ ಕಡತದಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳುವುದು ಹೇಗೆ ಅಂತ ಕೇಳಬೇಡಿ, ಅದು ನನ್ನ ಎರಡನೇ ಗುಟ್ಟು.

ಐದನೇ ದಿನ ಬಂತು. ಪತ್ರದ ಹಿಂಬದಿಯಲ್ಲಿ ಅಂಗೈಯಗಲದ ಚೌಕ ಸ್ಟಿಕ್ಕರ್. ಮೇಲೆ Apostille ಎಂದು, ಕೆಳಗೆ ಫ್ರೆಂಚಿನಲ್ಲಿ 1961ರ ಹೇಗ್ ಒಪ್ಪಂದದ ಹೆಸರು, ಆಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ ಸಾಲುಗಳು. ನಾನು ಮೊದಲು ಓದಿದ್ದು ಎರಡು, ಮೂರು, ನಾಲ್ಕನ್ನು: ಸಹಿ ಹಾಕಿದವರು ಯಾರು, ಯಾವ ಹುದ್ದೆಯಲ್ಲಿ, ಮೊಹರು ಯಾರದು. ಸ್ಟಿಕ್ಕರ್ ಸಾಕ್ಷಿ ಹೇಳುವುದು ಆ ಮೂರಕ್ಕೆ ಮಾತ್ರ. ಏಜೆಂಟ್ ಕೈಯಲ್ಲಿ ಮಾಡಿಸಿದವರೂ ಈ ಸಾಲುಗಳನ್ನು ಓದಿ ನೋಡಿ. ಕರ್ನಾಟಕದ ಪತ್ರಕ್ಕೆ ಅಲ್ಲಿ ದೆಹಲಿಯ ಎಸ್‌ಡಿಎಂ, ಅಂದರೆ ಉಪವಿಭಾಗ ಮ್ಯಾಜಿಸ್ಟ್ರೇಟರ ಹೆಸರಿದ್ದರೆ, ಅವರು ನಿಮ್ಮ ಪತ್ರವನ್ನು ಬೆಂಗಳೂರಿಗೆ ಒಯ್ಯದೆ ಅಡ್ಡದಾರಿಯಲ್ಲಿ ಮುಗಿಸಿದ್ದಾರೆ ಅಂತ ಅರ್ಥ. ಕೆಲವು ಕಡೆ ಅದು ನಡೆಯುತ್ತದೆ, ರಾಜ್ಯದ ದೃಢೀಕರಣವೇ ಬೇಕು ಅನ್ನುವ ಕಡೆ ತಿರಸ್ಕಾರವಾಗುತ್ತದೆ. ಎಂಟನೇ ಸಾಲಿನ ನಂಬರನ್ನು ಆನ್‌ಲೈನಿನಲ್ಲಿ ಹಾಕಿ ನೋಡಿದೆ, ವಿವರ ಬಂತು. ನಕಲಿ ಸ್ಟಿಕ್ಕರ್ ಪತ್ತೆಗೆ ಅಷ್ಟು ಸಾಕು.

ಇನ್ನೊಂದು, ಯಾವ ದೇಶಕ್ಕೆ ಅಂತ ಮೊದಲೇ ತೀರ್ಮಾನವಾಗಿರಬೇಕು. ಭಾರತಕ್ಕೆ ಈ ಒಪ್ಪಂದ ಜಾರಿಯಾದದ್ದು 2005ರಲ್ಲಿ. ಆದರೆ ನಮ್ಮ ಸೇರ್ಪಡೆಗೆ ಜರ್ಮನಿ ತಕರಾರು ಎತ್ತಿರುವುದರಿಂದ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ, ಬೇಕಾದಾಗ ಅವರ ರಾಯಭಾರ ಕಚೇರಿಯೇ ಇಲ್ಲಿ ತನಿಖೆ ಮಾಡಿಸುತ್ತದೆ. ದುಬೈಯಲ್ಲಿರುವ ನನ್ನ ಗೆಳೆಯ ಇದನ್ನು ಕೇಳದೆ ಅಪೊಸ್ಟಿಲ್ ಮಾಡಿಸಿಕೊಂಡು ಹೋಗಿ ಕೈಸುಟ್ಟುಕೊಂಡ. ಯುಎಇ ಒಪ್ಪಂದದಲ್ಲೇ ಇಲ್ಲ, ಅವನಿಗೆ ಬೇಕಿದ್ದದ್ದು ಸಚಿವಾಲಯದ ಸಾದಾ ಅಟೆಸ್ಟೇಷನ್, ಅದರ ಮೇಲೆ ಯುಎಇ ರಾಯಭಾರ ಕಚೇರಿಯದು, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಸಚಿವಾಲಯದ್ದು. ಅಪೊಸ್ಟಿಲ್ ಇದ್ದರೆ ರಾಯಭಾರ ಕಚೇರಿಯ ಮೇಜು ಸಾಲಿನಿಂದ ತಪ್ಪುತ್ತದೆ, ಅದರ ಉಪಯೋಗವೇ ಅದು.

ಡಚ್ ಪುರಸಭೆಯ ಕೌಂಟರಿನ ಹೆಂಗಸು ಮಗಳ ಪತ್ರ ತೆಗೆದುಕೊಂಡವರೇ ಮೊದಲು ಹಿಂಬದಿ ತಿರುಗಿಸಿದರು. ಸ್ಟಿಕ್ಕರ್ ಮೇಲೆ ಬೆರಳಾಡಿಸಿ, ನಂಬರ್ ನೋಡಿಕೊಂಡು, ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟರು. ಐದು ನಿಮಿಷವೂ ಆಗಲಿಲ್ಲ.

ಕಳೆದ ವಾರ ಭಾವನ ಫೋನು. ಮಗನಿಗೆ ಇಟಲಿಯಲ್ಲಿ ಎಂಎಸ್ ಸೀಟು ಸಿಕ್ಕಿದೆಯಂತೆ, "ನಿಂಗೆ ಗೃಹ ಇಲಾಖೆಯಲ್ಲಿ ಎಲ್ಲ ಗೊತ್ತಲ್ಲ, ಅವನ ಡಿಗ್ರಿ ಸರ್ಟಿಫಿಕೇಟು ಮಾಡಿಸ್ಕೊಡು" ಅಂದರು. ಡಿಗ್ರಿ ಆ ಬಾಗಿಲಿಗೆ ಹೋಗುವುದಿಲ್ಲ ಭಾವ, ಅದು ಉನ್ನತ ಶಿಕ್ಷಣ ಇಲಾಖೆಗೆ, ಮೊದಲು ಲ್ಯಾಮಿನೇಷನ್ ಮಾಡಿಸಿದ್ದೀರಾ ಹೇಳಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.