ಓಪನಿಂಗ್ ಮತ್ತು ಕ್ಲೋಸಿಂಗ್: ಗ್ರಾಫ್ ಹಾಳೆಯ ಮೇಲೆ ಮಾಡಿ ನೋಡುವ ಬಗೆ

0 ಮತ್ತು 1ಗಳ ಚಿತ್ರದಲ್ಲಿ ಆಕೃತಿಯನ್ನು ಸವೆಸುವುದು ಎರೋಷನ್, ಹಿಗ್ಗಿಸುವುದು ಡೈಲೇಷನ್; ಇವೆರಡನ್ನೂ ಒಂದರ ಮೇಲೊಂದು ಮಾಡುವುದೇ ಓಪನಿಂಗ್ ಮತ್ತು ಕ್ಲೋಸಿಂಗ್. ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಲೆಕ್ಕವನ್ನು ಕೆಡಿಸಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ. ಎರೋಷನ್ ಸರಿಯಾಗಿಯೇ ಬಂದಿರುತ್ತದೆ; ಡೈಲೇಷನ್ ಮಾಡುವಾಗ ಇಡೀ ಆಕೃತಿ ಒಂದು ಮನೆ ಸರಿದುಬಿಡುತ್ತದೆ. ಅವೆನ್ಯೂ ರಸ್ತೆಯಲ್ಲಿ ಸಿಗುವ ಅಗ್ಗದ ಗೈಡ್‌ಗಳನ್ನು ನಂಬಬೇಡಿ: ಮೂಲಬಿಂದು ನಟ್ಟನಡುವೆ ಇರುವ 3×3 ಚೌಕವೊಂದನ್ನೇ ಅಭ್ಯಾಸ ಮಾಡಿದರೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಇಲ್ಲಿ 2×2 ಚೌಕವನ್ನು ಸ್ಟ್ರಕ್ಚರಿಂಗ್ ಎಲಿಮೆಂಟ್ ಆಗಿ, ಅಂದರೆ ಚಿತ್ರದ ಮೇಲೆ ಇಟ್ಟು ನೋಡುವ ಅಚ್ಚಾಗಿ ತೆಗೆದುಕೊಳ್ಳೋಣ. ಮೂಲಬಿಂದು ಅದರ ಮೇಲಿನ ಎಡ ಮನೆಯಲ್ಲಿರಲಿ. ಚಿತ್ರ ಇದು:

```
0 0 0 0 0 0 0
0 1 1 1 0 0 0
0 1 1 1 1 1 0
0 1 1 1 0 0 0
0 0 0 0 0 1 0
```

ಮೊದಲು ಎರೋಷನ್. ಮೂಲಬಿಂದುವನ್ನು ಪ್ರತಿ ಮನೆಯ ಮೇಲೂ ಇಟ್ಟು, ಚೌಕದ ನಾಲ್ಕೂ ಮನೆಗಳ ಕೆಳಗೆ 1 ಇದ್ದರೆ ಮಾತ್ರ 1 ಬರೆಯಿರಿ. 2 ಮತ್ತು 3ನೇ ಸಾಲುಗಳಲ್ಲಿ, 2 ಮತ್ತು 3ನೇ ಕಂಬಗಳಲ್ಲಿ ಒಟ್ಟು ನಾಲ್ಕು ಪಿಕ್ಸೆಲ್ ಉಳಿಯುತ್ತವೆ.

ಇನ್ನು ಡೈಲೇಷನ್. ಉಳಿದ ಪ್ರತಿ 1ರ ಮೇಲೆ ಮೂಲಬಿಂದುವನ್ನಿಟ್ಟು ಇಡೀ ಚೌಕವನ್ನು ಮೊಹರಿನಂತೆ ಒತ್ತಬೇಕು. ಆಗ 2ರಿಂದ 4ನೇ ಸಾಲು, 2ರಿಂದ 4ನೇ ಕಂಬದ 3×3 ಆಕೃತಿ ಇದ್ದ ಜಾಗದಲ್ಲೇ ಮರಳಿ ಬರುತ್ತದೆ. 3ನೇ ಸಾಲಿನಲ್ಲಿ ಬಲಕ್ಕೆ ಚಾಚಿದ ಬಾಲವೂ 5ನೇ ಸಾಲಿನ ಒಂಟಿ ಚುಕ್ಕೆಯೂ ಅಳಿದುಹೋಗುತ್ತವೆ. ಇದೇ ಓಪನಿಂಗ್. ಇದರ ಬದಲು, ಎರೋಷನ್‌ನಲ್ಲಿ ಮಾಡಿದಂತೆಯೇ ಚೌಕವನ್ನು ಜಾರಿಸುತ್ತ 'ಕೆಳಗೆ ಒಂದಾದರೂ 1 ಇದೆಯೇ' ಎಂದು ನೋಡಿದರೆ ಆಕೃತಿ 1ರಿಂದ 3ನೇ ಸಾಲು ಮತ್ತು ಕಂಬಗಳಿಗೆ ಸರಿಯುತ್ತದೆ. ಹಾಗೆ ನೋಡುವ ವಿಧಾನವೇ ಬೇಕೆಂದರೆ ಚೌಕವನ್ನು ಮೂಲಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿಕೊಳ್ಳಬೇಕು. ಆಗ ಮೂಲಬಿಂದು ಕೆಳಗಿನ ಬಲ ಮನೆಗೆ ಬರುತ್ತದೆ. ನನ್ನ ಸಲಹೆ, ಕೈಲೆಕ್ಕದಲ್ಲಿ ಒತ್ತುವ ವಿಧಾನವನ್ನೇ ಅನುಸರಿಸಿ. ತಪ್ಪನ್ನು ಪತ್ತೆ ಮಾಡುವುದೂ ಸುಲಭ: ಓಪನಿಂಗ್ ಎಂದೂ ಹೊಸ 1 ಸೇರಿಸುವುದಿಲ್ಲ. ಮೂಲದಲ್ಲಿ ಪೂರ್ತಿ 0 ಆಗಿದ್ದ ಮೊದಲ ಸಾಲಿನಲ್ಲಿ 1 ಕಂಡರೆ ಆಕೃತಿ ಸರಿದಿದೆ ಎಂದೇ ಅರ್ಥ.

ಕ್ಲೋಸಿಂಗ್‌ನಲ್ಲಿ ಕ್ರಮ ತಿರುಗುಮುರುಗು: ಮೂಲ ಚಿತ್ರದ ಮೇಲೆಯೇ ಮೊದಲು ಡೈಲೇಷನ್, ಆಮೇಲೆ ಎರೋಷನ್. ಆದರೆ ಅದಕ್ಕೂ ಮುನ್ನ ಕೆಳಗೆ 0ಗಳ ಒಂದು ಸಾಲನ್ನು ತಪ್ಪದೆ ಸೇರಿಸಿಕೊಳ್ಳಿ. 5ನೇ ಸಾಲಿನ ಚುಕ್ಕೆ 6ನೇ ಸಾಲಿಗೂ ಹರಡುತ್ತದೆ. ಆ ಸಾಲನ್ನು ಕತ್ತರಿಸಿ ಅಂಚಿನಾಚೆ ಎಲ್ಲವೂ 0 ಎಂದುಕೊಂಡರೆ, ಎರೋಷನ್‌ನಲ್ಲಿ ಆ ಚುಕ್ಕೆಯೇ ಅಳಿಯುತ್ತದೆ. ಕ್ಲೋಸಿಂಗ್ ಮೂಲದ ಯಾವ 1ನ್ನೂ ಅಳಿಸುವಂತಿಲ್ಲ. ಸರಿಯಾದ ಉತ್ತರದ ಮೊದಲ ಐದು ಸಾಲುಗಳು ಹೀಗಿವೆ:

```
0 0 0 0 0 0 0
0 1 1 1 0 0 0
0 1 1 1 1 1 0
0 1 1 1 1 1 0
0 0 0 0 0 1 0
```

4ನೇ ಸಾಲಿನಲ್ಲಿ ತುಂಬಿಕೊಂಡ ಎರಡು ಪಿಕ್ಸೆಲ್‌ಗಳಿಂದ ಚುಕ್ಕೆಯು ಆಕೃತಿಗೆ ಅಂಟಿಕೊಂಡಿದೆ. ಚುಕ್ಕೆ ಬರಿಯ ಕಸವಾಗಿದ್ದರೆ ಮೊದಲು ಓಪನಿಂಗ್ ಮಾಡಿ, ಬಂದ ಫಲಿತಾಂಶದ ಮೇಲೆ ಕ್ಲೋಸಿಂಗ್ ಮಾಡಬೇಕು. ಆದರೆ ಆಗ ಬಾಲವೂ ಹೋಗುತ್ತದೆ. ಬಾಲ ಉಳಿಯಲೇಬೇಕಿದ್ದರೆ ಈ 2×2 ಚೌಕ ನಿಮ್ಮ ಚಿತ್ರಕ್ಕೆ ಹೊಂದುವುದಿಲ್ಲ. ಅಡ್ಡಲಾಗಿ ಎರಡೇ ಮನೆಗಳಿರುವ 1×2 ಎಲಿಮೆಂಟ್‌ನಿಂದ ಓಪನಿಂಗ್ ಮಾಡಿದರೆ ಚುಕ್ಕೆ ಮಾತ್ರ ಅಳಿಯುತ್ತದೆ.